ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹೊರಗೆ ನಿಂತವಳು

ಆವತ್ತು ತಿಂಗಳ 15ನೇ ತಾರೀಕು, ಸೋಮವಾರ. ಚಿತ್ರದುರ್ಗದಿಂದ ರಾತ್ರಿ ಬಸ್ಸು ಹತ್ತಿ ಬಂದಿದ್ದ ಹುಡುಗಿಯೊಬ್ಬಳು ಬೆಳಿಗ್ಗೆ 8.50ಕ್ಕೆ ನಮ್ಮ ಆಫೀಸಿನ ಗೇಟ್ ಮುಂದೆ ಹಾಜರಾಗಿದ್ದಳು. ಜೊತೆಗೆ ಅವಳ ಅಪ್ಪ. ಹೊಸ ಕೆಲಸದ ಮೊದಲ ದಿನ, ಮಗಳನ್ನು ಬಿಟ್ಟು ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗೋಣ ಅಂತ ಬಂದಿದ್ದರು. ಸೆಕ್ಯುರಿಟಿಯವರು ಲಿಸ್ಟ್ ನೋಡಿ "ನಿಮ್ಮ ಹೆಸರು ಇಲ್ವಲ್ಲಮ್ಮಾ" ಅಂದರು. ಅವಳು ಫೋನ್ ತೆಗೆದು ಮೇಲ್ ತೋರಿಸಿದಳು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ತಲಿಲ್ಲ. ಅದು ಆಫೀಸಿನ ಲ್ಯಾಂಡ್‌ಲೈನ್. ಹತ್ತು ಗಂಟೆಗೆ ಮುಂಚೆ ಅದರ ಹತ್ತಿರ ಯಾರೂ ಇರಲ್ಲ.

ಅವಳು ಒಳಗೆ ಬಂದಿದ್ದು 10.45ಕ್ಕೆ. ಅಷ್ಟು ಹೊತ್ತೂ ಎದೆಗೆ ಫೈಲ್ ಒತ್ತಿಕೊಂಡು ಕಾಂಪೌಂಡ್ ಪಕ್ಕದ ಕಟ್ಟೆ ಮೇಲೆ ಕೂತಿದ್ದಳು. ಎದುರಿನ ಟೀ ಅಂಗಡಿಯಲ್ಲಿ ಎರಡನೇ ಟೀ ಮುಗಿಸಿ ಬಂದ ಅಪ್ಪ, "ಇದು ನಿಜವಾದ ಕಂಪ್ನಿನೇ ಹೌದೇನವ್ವಾ?" ಅಂತ ಕೇಳಿದರಂತೆ. ತಿಂಗಳುಗಳಾದ ಮೇಲೆ ಅವಳೇ ನನಗೆ ನಗುತ್ತಾ ಹೇಳಿದ ಮಾತಿದು. ನನಗೆ ಮಾತ್ರ ನಗು ಬರಲಿಲ್ಲ. ಯಾಕಂದ್ರೆ ಆ ಮೇಲ್ ಕಳಿಸಿದ್ದು ನಾನು.

ಎಚ್‌ಆರ್ ಕೆಲಸದಲ್ಲಿರುವ ನಾವು ದಿನಕ್ಕೆ ಹತ್ತಾರು ಮೇಲ್ ಬರೀತೀವಿ. ಹೊಸಬರಿಗೆ ಹೋಗುವ ಮೇಲ್ ಅಂದ್ರೆ ಹಳೆಯದನ್ನು ಕಾಪಿ ಮಾಡಿ ಹೆಸರು, ತಾರೀಕು ಬದಲಿಸಿ ಕಳಿಸೋದು. ನಾನು ಕಳಿಸಿದ್ದರಲ್ಲಿ ಇದ್ದದ್ದು ಮೂರೇ ಸಾಲು. ಬೆಳಿಗ್ಗೆ 9ಕ್ಕೆ ಹಾಜರಾಗಿ. ಎಲ್ಲ ಮೂಲ ದಾಖಲೆಗಳನ್ನು ತನ್ನಿ. ಎಚ್‌ಆರ್ ಅವರನ್ನು ಭೇಟಿಯಾಗಿ. ನೋಡಿದರೆ ಮೂರೂ ಸರಿಯಾಗೇ ಇವೆ. ಆದರೆ ಆ ಹುಡುಗಿಯ ವಿಷಯದಲ್ಲಿ ಮೂರೂ ಸಾಲುಗಳು ಕೈಕೊಟ್ಟವು. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ. ನೀವು ಟೀಮ್ ಲೀಡ್ ಆಗಿದ್ದು ಹೊಸಬರಿಗೆ ಬರೆಯುವವರಾಗಿರಬಹುದು, ಮುಂದಿನ ತಿಂಗಳು ಕೆಲಸ ಬದಲಿಸುವವರೂ ಆಗಿರಬಹುದು. ಇಬ್ಬರಿಗೂ ಬೇಕಾದ ವಿಷಯ ಇದು.

ಸಮಯ: ಆಫೀಸ್ ತೆರೆಯೋದು ಬೇರೆ, ಜನ ಬರೋದು ಬೇರೆ

ನಮ್ಮ ಆಫೀಸಿನ ಸಮಯ ಕಾಗದದ ಮೇಲೆ 9 ಗಂಟೆ. ಆದರೆ ಲ್ಯಾಪ್‌ಟಾಪ್ ಕೊಡುವ ಐಟಿಯವರು ಬರೋದು 10ಕ್ಕೆ. ನಾನು ಬರೋದು 9.45ಕ್ಕೆ. ಸೋಮವಾರ ಅಂದ್ರೆ ಟೀಮಿನವರೆಲ್ಲ 11ರ ತನಕ ಮೀಟಿಂಗ್‌ನಲ್ಲಿರ್ತಾರೆ. ಅಂದ್ರೆ 9ಕ್ಕೆ ಬಂದವರಿಗೆ ಅಲ್ಲಿ ಸಿಗೋದು ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್‌ನವರು ಮಾತ್ರ. ನಾನು ಬರೆದದ್ದು ಕಂಪನಿಯ ಸಮಯ. ಅವಳಿಗೆ ಬೇಕಾಗಿದ್ದು ತನ್ನನ್ನು ಎದುರುಗೊಳ್ಳುವವರು ಬರುವ ಸಮಯ.

ಈಗ ನಾನು ಮೊದಲ ದಿನಕ್ಕೆ 10.30 ಅಂತ ಬರೀತೀನಿ. ಜೊತೆಗೆ "ಎರಡನೇ ದಿನದಿಂದ 9.30" ಅಂತಾನೂ ಸೇರಿಸ್ತೀನಿ. ಇಲ್ಲದಿದ್ರೆ ಕೆಲವರು 10.30ನ್ನೇ ಪ್ರತಿದಿನದ ಸಮಯ ಅಂದ್ಕೊಂಡುಬಿಡ್ತಾರೆ. ಆವತ್ತು ಎಷ್ಟು ಹೊತ್ತಿಗೆ ಮುಗಿಯುತ್ತೆ ಅನ್ನೋದನ್ನೂ ಹೇಳ್ತೀನಿ. ಊರಿಂದ ಬಂದವರಿಗೆ ಸಂಜೆ ಪಿಜಿ ನೋಡೋದಿರುತ್ತೆ, ಲಗೇಜ್ ಇಡೋದಿರುತ್ತೆ, ಬಿಡೋಕೆ ಬಂದ ಮನೆಯವರು ಕಾಯ್ತಿರ್ತಾರೆ. 5 ಗಂಟೆಗೆ ಬಿಡ್ತಾರೆ ಅಂತ ಗೊತ್ತಿದ್ರೆ ಅವರು ಬಸ್ ಟಿಕೆಟ್ ಕೂಡ ಸರಿಯಾದ ಹೊತ್ತಿಗೆ ಬುಕ್ ಮಾಡಬಹುದು.

ಮೇಲ್ ಯಾವಾಗ ಕಳಿಸಬೇಕು ಅನ್ನೋದೂ ಸಮಯದ ಲೆಕ್ಕವೇ. ನಾನು ಆ ಮೇಲ್ ಕಳಿಸಿದ್ದು ಶುಕ್ರವಾರ ಸಂಜೆ 6.40ಕ್ಕೆ. ಅವಳು ಅದನ್ನು ನೋಡುವ ಹೊತ್ತಿಗೆ ಹಳೇ ಆಫೀಸು, ಬ್ಯಾಂಕು ಎಲ್ಲ ಬಾಗಿಲು ಹಾಕಿದ್ದವು. ಏನಾದ್ರೂ ಕೇಳೋಣ ಅಂದ್ರೆ ನಾನೂ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ಈಗ ನಾನು ಸೇರುವ ದಿನಕ್ಕೆ ಒಂದು ವಾರ ಮುಂಚೆ ಕಳಿಸ್ತೀನಿ. 15ಕ್ಕೆ ಸೇರುವವರಿಗೆ 8ನೇ ತಾರೀಕಿನ ಸೋಮವಾರ. ಕಾಗದಪತ್ರ ಹೊಂದಿಸೋಕೆ ಐದು ಕೆಲಸದ ದಿನ ಸಿಗುತ್ತವೆ. ಅದಕ್ಕಿಂತ ಬಹಳ ಮುಂಚೆ ಕಳಿಸಿದ್ರೆ ಮೇಲ್ ಇನ್‌ಬಾಕ್ಸ್‌ನ ಅಡಿಗೆ ಹೋಗಿಬಿಡುತ್ತೆ. ಆಮೇಲೆ 12ರ ಶುಕ್ರವಾರ ಮಧ್ಯಾಹ್ನ ನಾಲ್ಕೇ ಸಾಲಿನ ಇನ್ನೊಂದು ಮೇಲ್: ಸಮಯ, ಜಾಗ, ಫೋನ್ ನಂಬರ್, ಗೇಟಿಗೆ ಹೆಸರು ಕೊಟ್ಟಿದ್ದೇನೆ ಅನ್ನೋ ಮಾತು.

ದಾಖಲೆ: "ಎಲ್ಲಾ ತನ್ನಿ" ಅನ್ನೋದು ಉತ್ತರ ಅಲ್ಲ

ಅವಳ ಫೈಲ್‌ನಲ್ಲಿ ಏನೇನಿತ್ತು ಗೊತ್ತಾ? ಎಸ್‌ಎಸ್‌ಎಲ್‌ಸಿಯಿಂದ ಡಿಗ್ರಿ ತನಕ ಎಲ್ಲ ಅಂಕಪಟ್ಟಿಗಳು, ಟಿಸಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯ ಸರ್ಟಿಫಿಕೇಟ್ ಕೂಡ. ಎಲ್ಲವೂ ಮೂಲಪ್ರತಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡೇ ಬಂದಿದ್ದಳು. ನಮಗೆ ಆವತ್ತು ಅದರಲ್ಲಿ ಮುಕ್ಕಾಲು ಭಾಗ ಬೇಕಾಗಿರಲಿಲ್ಲ. ಬೇಕಾಗಿದ್ದ ಎರಡು ವಿಷಯಗಳು ಅವಳ ಹತ್ತಿರ ಇರಲಿಲ್ಲ. ನಾನು ಹೇಳಿದ್ರೆ ತಾನೆ!

ಈಗ ನಾನು ದಾಖಲೆಗಳನ್ನು ಮೂರು ಗುಂಪು ಮಾಡ್ತೀನಿ, ಪ್ರತಿಯೊಂದಕ್ಕೂ ಗಡುವು ಬರೀತೀನಿ.

ಮೊದಲನೆಯದು, ಆವತ್ತೇ ಬೇಕಾದದ್ದು. ಗೇಟಿನಲ್ಲಿ ತೋರಿಸೋಕೆ ಫೋಟೋ ಇರುವ ಒಂದು ಗುರುತಿನ ಚೀಟಿ, ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರ. ಬ್ಯಾಂಕಿಗೆ ಕ್ಯಾನ್ಸಲ್ ಮಾಡಿದ ಚೆಕ್ ಕೇಳೋದು ವಾಡಿಕೆ. ಚೆಕ್ ಬುಕ್ಕೇ ಇಲ್ಲದವರು ಈಗ ಬಹಳ ಜನ. ಪಾಸ್‌ಬುಕ್ಕಿನ ಮೊದಲ ಪುಟವಾದ್ರೂ ಆಗುತ್ತೆ ಅಂತ ಒಂದು ಮಾತು ಬರೆದರೆ, ಚೆಕ್ ಬುಕ್‌ಗೋಸ್ಕರ ಅವರು ಬ್ಯಾಂಕಿಗೆ ಅಲೆಯೋದು ತಪ್ಪುತ್ತೆ.

ಇದರಲ್ಲಿ ಬ್ಯಾಂಕ್ ವಿವರ ಯಾಕೆ ಆವತ್ತೇ ಬೇಕು? ಪ್ರತಿ ಕಂಪನಿಯಲ್ಲೂ ಆ ತಿಂಗಳ ಸಂಬಳದ ಪಟ್ಟಿ ಮುಚ್ಚುವ ಒಂದು ತಾರೀಕು ಇರುತ್ತೆ. ನಮ್ಮಲ್ಲಿ ಅದು 22. ಆ ಹುಡುಗಿಯ ಬ್ಯಾಂಕ್ ವಿವರ ನನ್ನ ಕೈಗೆ ಬಂದಿದ್ದು 24ಕ್ಕೆ. ಹಾಗಾಗಿ ಅವಳ ಅರ್ಧ ತಿಂಗಳ ಸಂಬಳ ಆ ತಿಂಗಳು ಬರಲೇ ಇಲ್ಲ, ಮುಂದಿನ ತಿಂಗಳ ಸಂಬಳದ ಜೊತೆ ಸೇರಿ ಬಂತು. ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯೂ ಹೋಗಿಲ್ಲ. ಆದರೆ ಪಿಜಿ ಅಡ್ವಾನ್ಸ್ ಕಟ್ಟಿ ಕೈ ಖಾಲಿಯಾಗಿದ್ದ ಅವಳು ಆ ತಿಂಗಳು ಅಪ್ಪನ ಹತ್ತಿರ ಮತ್ತೆ ದುಡ್ಡು ತರಿಸಿಕೊಳ್ಳಬೇಕಾಯ್ತು. ಟೀ ಅಂಗಡಿ ಮುಂದೆ ಕೇಳಿದ ಪ್ರಶ್ನೆಯನ್ನು ಅವರು ಇನ್ನೊಮ್ಮೆ ಕೇಳಿರಬೇಕು.

ಎರಡನೆಯದು, ಮೊದಲ ವಾರದಲ್ಲಿ ಬೇಕಾದದ್ದು. ಇದರಲ್ಲಿ ಮುಖ್ಯವಾದದ್ದು ಪಿಎಫ್. ಈ ಮೊದಲು ಎಲ್ಲಾದ್ರೂ ಕೆಲಸ ಮಾಡಿ ಪಿಎಫ್ ಕಟ್ಟಿದ್ರೆ ನಿಮಗೆ 12 ಅಂಕಿಯ ಯುಎಎನ್ ನಂಬರ್ ಇರುತ್ತೆ. ಕೆಲಸ ಎಷ್ಟು ಬದಲಿಸಿದ್ರೂ ಆ ನಂಬರ್ ಒಂದೇ. ಹೊಸ ಆಫೀಸಿನಲ್ಲಿ ತುಂಬುವ ಫಾರ್ಮ್ 11ರಲ್ಲಿ ಅದನ್ನೇ ಬರೀಬೇಕು. ಗೊತ್ತಿಲ್ಲ ಅಂತ ಖಾಲಿ ಬಿಟ್ಟು ಇನ್ನೊಂದು ನಂಬರ್ ಮಾಡಿಸಿಕೊಂಡ್ರೆ ಹಳೇ ದುಡ್ಡು ಒಂದು ಕಡೆ, ಹೊಸದು ಒಂದು ಕಡೆ ಆಗಿ ಆಮೇಲೆ ಒಂದು ಮಾಡೋಕೆ ಪರದಾಡಬೇಕು. ನಂಬರ್ ಹಳೇ ಸಂಬಳದ ಸ್ಲಿಪ್ಪಿನಲ್ಲೇ ಸಾಮಾನ್ಯವಾಗಿ ಇರುತ್ತೆ. ಈ ತಿಂಗಳ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗಾಗಿ ಮೊದಲ ದಿನವೇ ಬೇಕಿಲ್ಲ, ಆದರೆ ತಿಂಗಳುಗಟ್ಟಲೆ ಎಳೆಯೋಕೂ ಆಗಲ್ಲ.

ಇಲ್ಲಿ ನಮ್ಮವರಿಗೆ ಒಂದು ವಿಶೇಷ ತಾಪತ್ರಯ ಇದೆ. ಅದು ಇನಿಷಿಯಲ್. ಒಂದು ಉದಾಹರಣೆ ತಗೊಳ್ಳಿ. ಅಂಕಪಟ್ಟಿಯಲ್ಲಿ "ಎಂ. ಎಸ್. ರವಿ". ಆಧಾರ್‌ನಲ್ಲಿ "ರವಿ ಎಂ ಎಸ್". ಪ್ಯಾನ್ ಮಾಡಿಸುವಾಗ ಹೆಸರು ಬಿಡಿಸಿ ಬರೀಬೇಕಾದ್ದರಿಂದ ಅಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದ ಆಗಿರುತ್ತೆ. ಬ್ಯಾಂಕಿನಲ್ಲಿ ಇನ್ನೊಂದು ರೀತಿ. ನಮ್ಮ ಕಣ್ಣಿಗೆ ಇವೆಲ್ಲ ಒಬ್ಬನೇ ರವಿ. ಕಂಪ್ಯೂಟರಿಗೆ ನಾಲ್ಕು ಜನ. ಯುಎಎನ್‌ಗೆ ಆಧಾರ್ ಜೋಡಣೆ ಆಗಿರಲೇಬೇಕು, ಹೆಸರು ಹೊಂದದಿದ್ರೆ ಅದು ನಿಂತುಹೋಗುತ್ತೆ, ಅದರ ಹಿಂದೆ ಪಿಎಫ್ ವರ್ಗಾವಣೆಯೂ ನಿಲ್ಲುತ್ತೆ. ಚಿತ್ರದುರ್ಗದ ಹುಡುಗಿಯ ಬ್ಯಾಂಕ್ ವಿವರ ತಡವಾಗಿದ್ದಕ್ಕೂ ಇದೇ ಕಾರಣ. ಖಾತೆಯ ಹೆಸರು ಒಂದು ಥರ, ಆಧಾರ್ ಇನ್ನೊಂದು ಥರ ಇತ್ತು. ಸರಿ ಮಾಡಿಸೋಕೆ ಬ್ಯಾಂಕಿಗೆ ಎರಡು ಸಲ ಹೋಗಿದ್ದಳು.

ಅದಕ್ಕೇ ಈಗ ನನ್ನ ಮೇಲ್‌ನಲ್ಲಿ ಒಂದು ಸಾಲು ಇರುತ್ತೆ: "ಆಧಾರ್, ಪ್ಯಾನ್, ಬ್ಯಾಂಕ್, ಯುಎಎನ್ ನಾಲ್ಕರಲ್ಲೂ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಹೇಗಿದೆ ಅಂತ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಗಾಬರಿಯಾಗಬೇಡಿ, ನನಗೆ ತಿಳಿಸಿ." ಐದು ನಿಮಿಷದ ಕೆಲಸ. ಒಂದು ವಾರ ಮುಂಚೆ ಗೊತ್ತಾದ್ರೆ ಯಾವುದನ್ನು ಮೊದಲು ತಿದ್ದಿಸಬೇಕು ಅಂತ ಕೂತು ಯೋಚನೆ ಮಾಡಬಹುದು.

ಮೂರನೆಯದು, ಆಮೇಲೆ ಕೊಟ್ಟರೂ ನಡೆಯುವಂಥದ್ದು. ಹಳೇ ಕಂಪನಿಯ ರಿಲೀವಿಂಗ್ ಲೆಟರ್ ಇದರಲ್ಲಿ ಬರುತ್ತೆ. ಕೊನೇ ದಿನವೇ ಅದನ್ನು ಕೈಗೆ ಕೊಡುವ ಕಂಪನಿಗಳಿವೆ, ಲೆಕ್ಕ ಚುಕ್ತಾ ಆದ ಮೇಲೆ ವಾರಗಟ್ಟಲೆ ಬಿಟ್ಟು ಕೊಡುವವರೂ ಇದ್ದಾರೆ. ಅದು ಹೊಸಬರ ಕೈಯಲ್ಲಿಲ್ಲ. "ಎಲ್ಲ ದಾಖಲೆ ತನ್ನಿ" ಅಂತ ಬರೆದರೆ, ಅದಿಲ್ಲದೆ ಸೇರಿಸಿಕೊಳ್ಳಲ್ಲ ಅಂತ ಅವರು ಹೆದರ್ತಾರೆ. ರಾಜೀನಾಮೆ ಒಪ್ಪಿಕೊಂಡ ಮೇಲ್ ಸದ್ಯಕ್ಕೆ ಸಾಕು, ಲೆಟರ್ ಬಂದ ಮೇಲೆ ಕೊಡಿ ಅಂತ ಬರೆದರೆ ಆ ಹೆದರಿಕೆ ಇಳಿಯುತ್ತೆ. ಆದರೆ ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ರಿಲೀವಿಂಗ್ ಲೆಟರ್ ಇಲ್ಲದೆ ಆಗೋದೇ ಇಲ್ಲ ಅನ್ನುವ ಕಡೆ ಅದನ್ನೂ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ವರ್ಷದ ಮಧ್ಯದಲ್ಲಿ ಕೆಲಸ ಬದಲಿಸಿದವರು ಏಪ್ರಿಲ್‌ನಿಂದ ಹಳೇ ಕಡೆ ಬಂದ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರ ಕೊಡೋದೂ ಈ ಗುಂಪಿನದ್ದೇ. ತಡವಾದರೂ ನಡೆಯುತ್ತೆ, ಆದರೆ ಕೊಡದೇ ಇರಬಾರದು. ಕೊಡದಿದ್ದರೆ ಹೊಸ ಆಫೀಸು ತಾನು ಕೊಡುವ ಸಂಬಳವನ್ನಷ್ಟೇ ನೋಡಿ ಕಡಿಮೆ ತೆರಿಗೆ ಹಿಡಿಯುತ್ತೆ. ಕೈಗೆ ಬರುವ ಸಂಬಳ ಜಾಸ್ತಿ ಕಾಣುತ್ತೆ, ಖುಷಿನೂ ಆಗುತ್ತೆ. ಮುಂದಿನ ವರ್ಷ ರಿಟರ್ನ್ಸ್ ಸಲ್ಲಿಸುವಾಗ ಎರಡೂ ಸಂಬಳ ಒಟ್ಟಿಗೆ ಲೆಕ್ಕಕ್ಕೆ ಬಂದು, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಒಂದೇ ಸಲ ಕಟ್ಟಬೇಕಾಗುತ್ತೆ.

ಯಾರನ್ನು ಭೇಟಿಯಾಗಬೇಕು: ಹುದ್ದೆ ಅಲ್ಲ, ಮನುಷ್ಯ

"ಎಚ್‌ಆರ್ ಅವರನ್ನು ಭೇಟಿಯಾಗಿ" ಅಂತ ಬರೆದಿದ್ದೆ. ನಮ್ಮಲ್ಲಿ ಎಚ್‌ಆರ್‌ನಲ್ಲಿ ಆರು ಜನ ಇದ್ದೀವಿ. ಗೇಟಿನಲ್ಲಿ ನಿಂತು "ಎಚ್‌ಆರ್ ಬೇಕು" ಅಂದ್ರೆ ಸೆಕ್ಯುರಿಟಿಯವರು ಪಾಪ ಯಾರಿಗೆ ಅಂತ ಫೋನ್ ಮಾಡ್ತಾರೆ? ಸಾಲದ್ದಕ್ಕೆ ಆವತ್ತು ಅವಳ ಮ್ಯಾನೇಜರ್ ಬುಧವಾರದ ತನಕ ರಜೆ. ಅದು ಇಡೀ ಟೀಮಿಗೆ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು. ಎರಡು ದಿನ ಅವಳು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಖಾಲಿ ಸ್ಕ್ರೀನ್ ನೋಡ್ತಾ ಕೂತಿದ್ದಳು.

ಈಗ ನಾನು ಮೂರೇ ಜನರ ಹೆಸರು ಕೊಡ್ತೀನಿ. ಬಾಗಿಲಲ್ಲಿ ಎದುರುಗೊಳ್ಳುವವರು, ಕೆಲಸ ಹೇಳುವವರು, ಊಟಕ್ಕೆ ಜೊತೆಗೆ ಕರ್ಕೊಂಡು ಹೋಗುವವರು. ಮೂರನೆಯವರು ಟೀಮಿನಲ್ಲಿ ಅವರಿಗೆ ಹತ್ತಿರದ ವಯಸ್ಸಿನವರಾಗಿದ್ರೆ ಒಳ್ಳೇದು. ಪ್ರಿಂಟರ್ ಎಲ್ಲಿ, ಕ್ಯಾಂಟೀನಿನಲ್ಲಿ ಯಾವುದು ತಿನ್ನಬಾರದು ಅನ್ನೋದನ್ನೆಲ್ಲ ಮ್ಯಾನೇಜರ್ ಹತ್ತಿರ ಯಾರೂ ಕೇಳಲ್ಲ. ಮೇಲ್ ಕಳಿಸುವ ಮುಂಚೆ ಈ ಮೂವರಿಗೂ ಫೋನ್ ಮಾಡಿ "ಸೋಮವಾರ ಇರ್ತೀರಾ?" ಅಂತ ಕೇಳ್ತೀನಿ. ಮ್ಯಾನೇಜರ್ ಇರಲ್ಲ ಅಂದ್ರೆ ಅವರ ಬದಲಿಗೆ ಯಾರು ಅಂತ ಕೇಳಿ ಅವರ ಹೆಸರು ಹಾಕ್ತೀನಿ. ಹತ್ತು ಜನರ ಪಟ್ಟಿ ಕೊಟ್ಟರೆ ಯಾರೂ ನೆನಪಿರಲ್ಲ. ಉಳಿದವರ ಪರಿಚಯ ಆ ವಾರದಲ್ಲಿ ತಾನಾಗಿ ಆಗುತ್ತೆ.

ಈಗ ಹೋಗುವ ಮೇಲ್

ನಮ್ಮ ಆಫೀಸಿನಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುತ್ತೆ. ವಿಷಯ ಹೀಗಿರುತ್ತೆ. ಹೆಸರುಗಳ ಜಾಗ ಖಾಲಿ ಬಿಟ್ಟಿದ್ದೀನಿ, ನಿಮ್ಮವರ ಹೆಸರು ತುಂಬಿಕೊಳ್ಳಿ.

> ನಮಸ್ಕಾರ _____,
>
> 15ನೇ ತಾರೀಕು, ಸೋಮವಾರ ನೀವು ನಮ್ಮ ಜೊತೆ ಸೇರುತ್ತಿದ್ದೀರಿ. ಆ ದಿನಕ್ಕೆ ಬೇಕಾದ ವಿವರಗಳು ಇಲ್ಲಿವೆ.
>
> ಸಮಯ: ಬೆಳಿಗ್ಗೆ 10.30. ಸಂಜೆ 5ಕ್ಕೆ ಮುಗಿಯುತ್ತದೆ. ಮಂಗಳವಾರದಿಂದ ಬೆಳಿಗ್ಗೆ 9.30.
>
> ಜಾಗ: ಮ್ಯಾಪ್ ಲಿಂಕ್ ಕೆಳಗಿದೆ. ಮ್ಯಾಪ್ ಹಿಂದಿನ ಗೇಟಿಗೆ ಕರೆದುಕೊಂಡು ಹೋಗುತ್ತದೆ, ದಯವಿಟ್ಟು ಮುಖ್ಯರಸ್ತೆಯ ಗೇಟಿಗೆ ಬನ್ನಿ. ನೇರಳೆ ಮಾರ್ಗದ ಮೆಟ್ರೋದಲ್ಲಿ ಬರುವುದಾದರೆ ಕುಂದಲಹಳ್ಳಿಯಲ್ಲಿ ಇಳಿಯಿರಿ. ನಿಮ್ಮ ಹೆಸರನ್ನು ಗೇಟಿಗೆ ಕೊಟ್ಟಿರುತ್ತೇನೆ. ಲಗೇಜ್ ಇದ್ದರೆ ರಿಸೆಪ್ಷನ್‌ನಲ್ಲಿ ಇಡಬಹುದು.
>
> ಆ ದಿನ ತರಬೇಕಾದದ್ದು: ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್. ಬ್ಯಾಂಕ್ ವಿವರ 22ರೊಳಗೆ ಸಿಕ್ಕರೆ ಮಾತ್ರ ಸಂಬಳ ಈ ತಿಂಗಳೇ ಬರುತ್ತದೆ.
>
> ಶುಕ್ರವಾರದೊಳಗೆ: ಯುಎಎನ್ ನಂಬರ್ (ಇದ್ದರೆ), ಡಿಗ್ರಿ ಅಂಕಪಟ್ಟಿಯ ಪ್ರತಿ. ಮೂಲಪ್ರತಿ ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ, ಇಟ್ಟುಕೊಳ್ಳುವುದಿಲ್ಲ.
>
> ಸಿಕ್ಕಾಗ ಕೊಡಿ: ರಿಲೀವಿಂಗ್ ಲೆಟರ್, ಹಳೆಯ ಕಂಪನಿಯ ಸಂಬಳ ಮತ್ತು ತೆರಿಗೆ ವಿವರ.
>
> ಭೇಟಿ: 10.30ಕ್ಕೆ ರಿಸೆಪ್ಷನ್‌ನಲ್ಲಿ ನಾನು. 11.30ಕ್ಕೆ ನಿಮ್ಮ ಮ್ಯಾನೇಜರ್ _____. 1 ಗಂಟೆಗೆ ನಿಮ್ಮ ಟೀಮಿನ _____ ಜೊತೆ ಊಟ.
>
> ದಾರಿ ತಪ್ಪಿದರೆ, ತಡವಾದರೆ, ಏನೇ ಅನುಮಾನ ಬಂದರೂ ನನ್ನ ಮೊಬೈಲ್: _____. ಸೋಮವಾರ ಬೆಳಿಗ್ಗೆ 8ರಿಂದ ಫೋನ್ ಕೈಯಲ್ಲೇ ಇರುತ್ತದೆ.

ಇಷ್ಟೇ. ಫೋನಿನಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯುತ್ತೆ. ಕಂಪನಿಯ ಇತಿಹಾಸ, ಮುಖ್ಯಸ್ಥರ ಸಂದೇಶ, ನಲವತ್ತು ಪುಟದ ನಿಯಮಾವಳಿ ಯಾವುದೂ ಇದರಲ್ಲಿಲ್ಲ. ಅವು ಬೇಕಾದರೆ ಸೇರಿದ ಮೇಲೆ ಕೊಟ್ಟರಾಯ್ತು.

ಮೇಲ್ ಬಂದವರು ನೋಡಬೇಕಾದದ್ದು

ಆ ಅಪ್ಪ ಕೇಳಿದ ಪ್ರಶ್ನೆ ಪೆದ್ದುತನದ್ದಲ್ಲ. ಸುಳ್ಳು ಆಫರ್ ಲೆಟರ್ ಕಳಿಸಿ, ಲ್ಯಾಪ್‌ಟಾಪ್ ಡೆಪಾಸಿಟ್, ದಾಖಲೆ ಪರಿಶೀಲನೆ ಶುಲ್ಕ, ಯೂನಿಫಾರ್ಮ್ ಖರ್ಚು ಅಂತ ದುಡ್ಡು ಕೀಳುವವರು ಇದ್ದಾರೆ. ಸೇರುವ ಮುಂಚೆ ದುಡ್ಡು ಕಟ್ಟಿ ಅಂದರು ಅಂದ್ರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದವರ ಮೇಲ್ ವಿಳಾಸದಲ್ಲಿ @ ಆದ ಮೇಲೆ ಕಂಪನಿಯ ವೆಬ್‌ಸೈಟಿನ ಹೆಸರೇ ಇದೆಯಾ, ಒಂದು ಅಕ್ಷರ ಹೆಚ್ಚುಕಮ್ಮಿ ಇದೆಯಾ ನೋಡಿ. ಅನುಮಾನ ಬಂದ್ರೆ ಮೇಲ್‌ನಲ್ಲಿರುವ ನಂಬರಿಗೆ ಮಾಡಬೇಡಿ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಮಾಡಿ ಕೇಳಿ.

ಮೊದಲೇ ಆಧಾರ್ ಪ್ರತಿ ಕಳಿಸಿ ಅಂತ ಕೇಳಿದ್ರೆ ಮಾಸ್ಕ್ ಮಾಡಿದ ಆಧಾರ್ ಸಾಕಾಗುತ್ತಾ ಅಂತ ವಿಚಾರಿಸಿ. ಆಧಾರ್ ವೆಬ್‌ಸೈಟಿನಿಂದ ಅದನ್ನು ಇಳಿಸಿಕೊಳ್ಳಬಹುದು. ಅದರಲ್ಲಿ ಮೊದಲ 8 ಅಂಕಿ ಮುಚ್ಚಿ ಕೊನೇ 4 ಮಾತ್ರ ಕಾಣುತ್ತೆ. ಪಿಎಫ್‌ಗೆ ಪೂರ್ತಿ ನಂಬರ್ ಬೇಕೇ ಬೇಕು, ಅದನ್ನು ಸೇರಿದ ಮೇಲೆ ಕಂಪನಿಯ ಪೋರ್ಟಲ್‌ನಲ್ಲಿ ತುಂಬಬಹುದು. ಯಾರದ್ದೋ ವಾಟ್ಸಾಪಿಗೆ ಕಳಿಸುವ ಅಗತ್ಯ ಇಲ್ಲ.

ಇನ್ನು, ಸೇರೋಕೆ ನಾಲ್ಕು ದಿನ ಇದ್ದರೂ ಯಾವ ಮೇಲೂ ಬಂದಿಲ್ಲ ಅಂದ್ರೆ ಸಂಕೋಚ ಬೇಡ, ನೀವೇ ಬರೆದು ಕೇಳಿ. ಮೂರು ಪ್ರಶ್ನೆ ಸಾಕು. ಎಷ್ಟು ಹೊತ್ತಿಗೆ ಬರಲಿ, ಆವತ್ತೇ ಬೇಕಾದ ಕಾಗದ ಯಾವುದು, ಗೇಟಿನಲ್ಲಿ ಯಾರ ಹೆಸರು ಹೇಳಲಿ. ಇದನ್ನು ಕೇಳಿದ್ದಕ್ಕೆ ಯಾರೂ ನಿಮ್ಮನ್ನು ದಡ್ಡರು ಅಂದ್ಕೊಳ್ಳಲ್ಲ. ಮರೆತಿದ್ದ ನಮ್ಮಂಥವರಿಗೆ ನೆನಪಾಗುತ್ತೆ.

ಆ ಹುಡುಗಿ ಈಗಲೂ ನಮ್ಮಲ್ಲೇ ಇದ್ದಾಳೆ. ಹೋದ ತಿಂಗಳು ಅವಳ ಟೀಮಿಗೆ ಹಾಸನದಿಂದ ಒಬ್ಬ ಹುಡುಗ ಸೇರಿದ. ಕಳಿಸುವ ಮುಂಚೆ ಮೇಲ್ ಅವಳಿಗೆ ತೋರಿಸಿದೆ. ಓದಿ, ಊಟದ ಸಾಲಿನಲ್ಲಿ ಖಾಲಿ ಇದ್ದ ಜಾಗಕ್ಕೆ ತನ್ನ ಹೆಸರು ಹಾಕಿದಳು. ಆಮೇಲೆ ಕೇಳಿದಳು: "ಮೇಡಂ, ಜೊತೆಗೆ ಮನೆಯವರು ಬಂದ್ರೆ ರಿಸೆಪ್ಷನ್‌ನಲ್ಲಿ ಕೂರಬಹುದು ಅಂತ ಒಂದು ಸಾಲು ಸೇರಿಸೋಣ್ವಾ?"

ಸೇರಿಸಿದೆವು.